ನಿಫ್ಟಿಯಲ್ಲಿ ಪುಟ್-ಕಾಲ್ ಪ್ಯಾರಿಟಿ ಹಿಡಿಯುವ ಸಣ್ಣ ಪ್ರೋಗ್ರಾಂ: ಕಟ್ಟಿದ್ದು ಹೇಗೆ, ಕೊನೆಗೆ ಕೈಗೆ ಎಷ್ಟು

ಇಲ್ಲಿ ಬಳ್ಳಾರಿಯಲ್ಲಿ ಆಪ್ಷನ್ ಮಾಡುವವರು ಈಗ ಜಾಸ್ತಿ ಆಗಿದ್ದಾರೆ. ಜೀನ್ಸ್ ಹೊಲಿಗೆ ಘಟಕ ನಡೆಸುವವರು, ಹತ್ತಿ ವ್ಯಾಪಾರಿಗಳು, ತೋರಣಗಲ್ಲಿನಲ್ಲಿ ಶಿಫ್ಟ್ ಮುಗಿಸಿ ಬಂದವರು, ಎಲ್ಲರ ಫೋನಲ್ಲೂ ಆಪ್ಷನ್ ಚೈನ್ ಇದೆ. ಕೊಳ್ಳುವ ಹಕ್ಕಾದ ಕಾಲ್ ದುಬಾರಿ, ಮಾರುವ ಹಕ್ಕಾದ ಪುಟ್ ಅಗ್ಗ ಅಂತ ಮಾತಾಡುತ್ತಾರೆ. ಆದರೆ ಯಾವುದಕ್ಕೆ ಹೋಲಿಸಿ ದುಬಾರಿ ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಅದಕ್ಕೆ ಒಂದು ಗಟ್ಟಿ ಅಳತೆ ಇದೆ, ಕಾಲ್ ಮತ್ತು ಪುಟ್ ಬೆಲೆಗಳ ನಡುವೆ ಎಷ್ಟು ವ್ಯತ್ಯಾಸ ಇರಬೇಕು ಅಂತ ಹೇಳುವ ಸೂತ್ರ, ಅದೇ ಪುಟ್-ಕಾಲ್ ಪ್ಯಾರಿಟಿ. ಹ್ಯಾನ್ಸ್ ಸ್ಟಾಲ್ 1969ರಲ್ಲಿ ಇದನ್ನು ಪ್ರಬಂಧವಾಗಿ ಬರೆದರು. ಮಾರುಕಟ್ಟೆ ಮೇಲೆ ಹೋಗುತ್ತಾ ಕೆಳಗೆ ಬರುತ್ತಾ ಅಂತ ಊಹೆ ಮಾಡುವ ಕೆಲಸವೇ ಇದರಲ್ಲಿ ಇಲ್ಲ, ಅದಕ್ಕೇ ನನಗೆ ಇಷ್ಟ.

ಆ ಅಳತೆಯನ್ನು ಲ್ಯಾಪ್‌ಟಾಪ್‌ನಲ್ಲಿ ಓಡುವ ಹಾಗೆ ಕಟ್ಟಿದ್ದೇನೆ. ಏನು ಯಾಕೆ ಮಾಡಿದೆ ಅನ್ನುವುದನ್ನು ಬರೆದಿಡುತ್ತಿದ್ದೇನೆ. ಇಲ್ಲಿ ಕೊಟ್ಟಿರುವ ಬೆಲೆಗಳು ಲೆಕ್ಕ ತೋರಿಸಲು ನಾನು ಇಟ್ಟುಕೊಂಡವು, ಯಾವುದೋ ಒಂದು ದಿನದ ನಿಜವಾದ ಬೆಲೆಗಳಲ್ಲ.

ಮೊದಲ ತೀರ್ಮಾನ: ಸ್ಪಾಟ್ ಬೇಡ, ಫ್ಯೂಚರ್ ಬೇಕು

ಹಕ್ಕಿನಲ್ಲಿ ನಿಗದಿಯಾದ ಬೆಲೆ ಸ್ಟ್ರೈಕ್, ಹಕ್ಕು ಮುಗಿಯುವ ದಿನ ಎಕ್ಸ್‌ಪೈರಿ. ಒಂದೇ ಸ್ಟ್ರೈಕ್, ಒಂದೇ ಎಕ್ಸ್‌ಪೈರಿ ತೆಗೆದುಕೊಳ್ಳಿ. ಕಾಲ್ ಕೊಂಡು ಪುಟ್ ಮಾರಿದರೆ ಏನಾಗುತ್ತದೆ? ನಿಫ್ಟಿ ಎಲ್ಲೇ ಮುಗಿಯಲಿ, ನೀವು ಆ ಸ್ಟ್ರೈಕ್ ಬೆಲೆಗೆ ನಿಫ್ಟಿ ಕೊಂಡ ಹಾಗೇ ಲೆಕ್ಕ. ಮೇಲೆ ಮುಗಿದರೆ ಕಾಲ್ ದುಡ್ಡು ಕೊಡುತ್ತದೆ, ಕೆಳಗೆ ಮುಗಿದರೆ ಮಾರಿದ ಪುಟ್ ಅಷ್ಟೇ ದುಡ್ಡು ಕೀಳುತ್ತದೆ. ಮುಂದಿನ ಒಂದು ದಿನಕ್ಕೆ ಈಗಲೇ ಬೆಲೆ ಕಟ್ಟುವ ಒಪ್ಪಂದವೇ ಫ್ಯೂಚರ್, ಅಂದರೆ ಇದು ಎರಡು ಆಪ್ಷನ್ ಸೇರಿಸಿ ಮಾಡಿದ ಫ್ಯೂಚರ್. ಇದನ್ನು ಸಿಂಥೆಟಿಕ್ ಫ್ಯೂಚರ್ ಅನ್ನುತ್ತಾರೆ. ಹಾಗಿದ್ದ ಮೇಲೆ ಅದರ ಬೆಲೆ ಅಸಲಿ ಫ್ಯೂಚರ್ ಬೆಲೆಗೆ ಹೊಂದಲೇಬೇಕು ಅಲ್ವಾ?

```
C - P = (F - K) × d
d = e^(-r × T)
```

C ಕಾಲ್ ಪ್ರೀಮಿಯಂ, P ಪುಟ್ ಪ್ರೀಮಿಯಂ, K ಸ್ಟ್ರೈಕ್, F ಅದೇ ತಿಂಗಳ ಫ್ಯೂಚರ್. T ಅಂದರೆ ಉಳಿದ ದಿನಗಳನ್ನು 365ರಿಂದ ಭಾಗಿಸಿದ್ದು, r ವರ್ಷದ ಬಡ್ಡಿ. d ಯಾಕೆ ಬೇಕು ಅಂದರೆ, ಪ್ರೀಮಿಯಂ ಇವತ್ತು ಕೈ ಬದಲಾಗುತ್ತದೆ, F ಮತ್ತು K ನಡುವಿನ ವ್ಯತ್ಯಾಸ ಸಿಗುವುದು ಎಕ್ಸ್‌ಪೈರಿ ದಿನ.

ಸಾಮಾನ್ಯವಾಗಿ ಈ ಸೂತ್ರವನ್ನು ಸ್ಪಾಟ್, ಅಂದರೆ ಈ ಕ್ಷಣದ ನಿಫ್ಟಿ ಬೆಲೆ ಹಾಕಿ ಕಲಿಸುತ್ತಾರೆ. ನಾನು ಸ್ಪಾಟ್ ಬಿಟ್ಟಿದ್ದಕ್ಕೆ ಕಾರಣ ಲೆಕ್ಕದಲ್ಲೇ ಕಾಣುತ್ತದೆ. ನಿಫ್ಟಿ ಸ್ಪಾಟ್ 25,060, ಎಕ್ಸ್‌ಪೈರಿಗೆ 20 ದಿನ, ಬಡ್ಡಿ 6.5% ಅಂತ ಇಟ್ಟುಕೊಳ್ಳಿ. ಬಡ್ಡಿ ಸೇರಿಸಿದರೆ ಫ್ಯೂಚರ್ 25,149ರ ಆಸುಪಾಸು ಇರಬೇಕು. ಬಡ್ಡಿಯನ್ನು 6% ಅಂತ ಹಿಡಿದರೆ ಉತ್ತರ ಸುಮಾರು 7 ಪಾಯಿಂಟ್ ಇಳಿಯುತ್ತದೆ. ಅದರ ಮೇಲೆ 50 ಕಂಪನಿಗಳಲ್ಲಿ ಯಾರು ಆ 20 ದಿನದೊಳಗೆ ಡಿವಿಡೆಂಡ್ ಕೊಡುತ್ತಾರೆ ಅನ್ನುವುದನ್ನೂ ಕಳೆಯಬೇಕು. ಹೀಗೆ ನಮ್ಮ ಊಹೆಯ ತಪ್ಪೇ 7, 10 ಪಾಯಿಂಟ್ ಇದ್ದಾಗ, ಅಷ್ಟೇ ದೊಡ್ಡ ಮಾರುಕಟ್ಟೆ ತಪ್ಪನ್ನು ಹುಡುಕುವುದು ಹೇಗೆ?

ಫ್ಯೂಚರ್ ಹಾಕಿದರೆ ಬಡ್ಡಿಯೂ ಡಿವಿಡೆಂಡೂ ಅದರ ಬೆಲೆಯೊಳಗೇ ಸೇರಿಕೊಂಡಿರುತ್ತವೆ. ನಮ್ಮ r ಕೆಲಸ ಮಾಡುವುದು F ಮತ್ತು K ನಡುವಿನ ವ್ಯತ್ಯಾಸದ ಮೇಲೆ ಮಾತ್ರ. ಅದು 140 ಪಾಯಿಂಟ್ ಇದ್ದರೆ, ಬಡ್ಡಿಯಲ್ಲಿ ಅರ್ಧ ಪರ್ಸೆಂಟ್ ತಪ್ಪಿದರೂ ಉತ್ತರ 0.04 ಪಾಯಿಂಟ್ ಅಲುಗಾಡುತ್ತದೆ, ಅಷ್ಟೇ. ಇನ್ನೊಂದು ಅನುಕೂಲವೂ ಇದೆ. ಸ್ಪಾಟ್ ನಿಫ್ಟಿಯನ್ನು ಯಾರೂ ನೇರವಾಗಿ ಕೊಳ್ಳಲು ಆಗುವುದಿಲ್ಲ, ಫ್ಯೂಚರ್ ಕೊಳ್ಳಬಹುದು.

ನಿಫ್ಟಿ ಆಪ್ಷನ್ ಯುರೋಪಿಯನ್ ಮಾದರಿಯದು, ಅಂದರೆ ಎಕ್ಸ್‌ಪೈರಿಗೆ ಮೊದಲು ಯಾರೂ ಎಕ್ಸರ್ಸೈಸ್ ಮಾಡುವ ಹಾಗಿಲ್ಲ. ಹಾಗಾಗಿ ಸೂತ್ರ ಸಮ ಚಿಹ್ನೆಯ ಜೊತೆಗೇ ನಿಲ್ಲುತ್ತದೆ. ತಿಂಗಳ ಆಪ್ಷನ್ನೂ ಅದೇ ತಿಂಗಳ ಫ್ಯೂಚರೂ ಒಂದೇ ದಿನ, ನಿಫ್ಟಿಯ ಅದೇ ಮುಕ್ತಾಯದ ಮಟ್ಟಕ್ಕೆ ನಗದಿನಲ್ಲಿ ಇತ್ಯರ್ಥವಾಗುತ್ತವೆ. ಕೊನೆಯಲ್ಲಿ ಎರಡೂ ಒಂದೇ ಜಾಗಕ್ಕೆ ಬಂದು ಸೇರುವುದು ಖಚಿತ, ಈ ಇಡೀ ಕೆಲಸ ನಿಂತಿರುವುದು ಅದರ ಮೇಲೆ.

ಎರಡನೇ ತೀರ್ಮಾನ: ಕೊನೆಯ ವಹಿವಾಟಿನ ಬೆಲೆ ಬೇಡ

ಪರದೆಯ ಮೇಲೆ ದೊಡ್ಡದಾಗಿ ಕಾಣುವ ಬೆಲೆ ಕೊನೆಯ ವಹಿವಾಟಿನದು. ಅದು ಈ ಕ್ಷಣದ್ದು ಆಗಿರಬೇಕು ಅಂತೇನಿಲ್ಲ. ಆರ್ಬಿಟ್ರೇಜ್, ಅಂದರೆ ಒಂದೇ ವಸ್ತುವಿನ ಎರಡು ಬೆಲೆಗಳ ವ್ಯತ್ಯಾಸದಲ್ಲಿ ಲಾಭ ಮಾಡುವವನಿಗೆ ಬೇಕಾಗಿರುವುದು ಈಗ ಯಾರು ಎಷ್ಟಕ್ಕೆ ಕೊಳ್ಳಲು ನಿಂತಿದ್ದಾರೆ, ಯಾರು ಎಷ್ಟಕ್ಕೆ ಮಾರಲು ನಿಂತಿದ್ದಾರೆ ಅನ್ನುವುದು, ಅಂದರೆ ಬಿಡ್ ಮತ್ತು ಆಸ್ಕ್. ನಾವು ಮಾರುವಾಗ ಬಿಡ್ ಸಿಗುತ್ತದೆ, ಕೊಳ್ಳುವಾಗ ಆಸ್ಕ್ ಕೊಡಬೇಕು. ಆದ್ದರಿಂದ ಪ್ರೋಗ್ರಾಂ ಎರಡು ದಿಕ್ಕಿಗೂ ಬೇರೆ ಬೇರೆ ಲೆಕ್ಕ ಮಾಡುತ್ತದೆ.

ಕಾಲ್ ಮಾರಿ, ಪುಟ್ ಕೊಂಡು, ಫ್ಯೂಚರ್ ಕೊಳ್ಳುವುದಕ್ಕೆ ಕನ್ವರ್ಷನ್ ಅಂತ ಹೆಸರು. ಇದರ ಉಲ್ಟಾ ಮಾಡಿದರೆ ರಿವರ್ಸಲ್.

```python
from math import exp

def check(K, cb, ca, pb, pa, fb, fa, r, days):
    d = exp(-r * days / 365)
    conv = (cb - pa) - (fa - K) * d
    rev = (fb - K) * d - (ca - pb)
    return round(conv, 2), round(rev, 2)

print(check(25000, 312.40, 313.20, 161.00, 161.60,
            25138, 25142, 0.065, 20))
# (9.3, -14.69)
```

cb, ca ಅಂದರೆ ಕಾಲ್‌ನ ಬಿಡ್ ಮತ್ತು ಆಸ್ಕ್, ಉಳಿದವೂ ಹಾಗೇ. ಇದೇ ಲೆಕ್ಕವನ್ನು ಎಕ್ಸೆಲ್ ಹಾಳೆಯಲ್ಲಿ ಎರಡು ಸೆಲ್‌ನಲ್ಲಿ ಬರೆಯಬಹುದು, ಪೈಥಾನ್ ಬರಲೇಬೇಕು ಅಂತಿಲ್ಲ. ಎರಡೂ ಸಂಖ್ಯೆ ಮೈನಸ್ ಬಂದರೆ ಅಲ್ಲಿ ಏನೂ ಇಲ್ಲ ಅಂತ ಅರ್ಥ. ನಿಫ್ಟಿಯಲ್ಲಿ, ಅದರಲ್ಲೂ ಚಾಲ್ತಿ ಮಟ್ಟದ ಹತ್ತಿರದ ಸ್ಟ್ರೈಕ್‌ಗಳಲ್ಲಿ, ಬಹುತೇಕ ಹೊತ್ತು ಬರುವುದೇ ಮೈನಸ್.

ಮೇಲಿನ ಉದಾಹರಣೆಯಲ್ಲಿ ಕನ್ವರ್ಷನ್ 9.3 ಪಾಯಿಂಟ್ ತೋರಿಸುತ್ತಿದೆ. ಮಾರುಕಟ್ಟೆಯಲ್ಲಿ C - P 150.80 ಸಿಗುತ್ತಿದೆ, ಇರಬೇಕಾಗಿದ್ದು 141.50. ಅಂದರೆ ಸಿಂಥೆಟಿಕ್ ಫ್ಯೂಚರ್ ದುಬಾರಿ, ಅಸಲಿ ಫ್ಯೂಚರ್ ಅಗ್ಗ. ದುಬಾರಿಯದ್ದನ್ನು ಮಾರಿ ಅಗ್ಗದ್ದನ್ನು ಕೊಳ್ಳಬೇಕು.

ನಂಬುವ ಮೊದಲು: ಎಲ್ಲಾ ಸ್ಟ್ರೈಕ್‌ಗಳನ್ನೂ ಕೇಳಿ

ಈ ಕೆಲಸದಲ್ಲಿ ನನಗೆ ಅತಿ ಮುಖ್ಯ ಅನಿಸಿದ ಭಾಗ ಇದು. 9.3 ಅಂತ ಕಂಡ ತಕ್ಷಣ ಆರ್ಡರ್ ಹಾಕುವಂತಿಲ್ಲ. ಮಾರುಕಟ್ಟೆ ತಪ್ಪಿದೆಯಾ, ನಮ್ಮ ಡೇಟಾ ತಪ್ಪಿದೆಯಾ ಅಂತ ಮೊದಲು ಗೊತ್ತಾಗಬೇಕು. ಅದಕ್ಕೆ ಸೂತ್ರವನ್ನು ತಿರುಗಿಸಿ ಬರೆದುಕೊಳ್ಳುತ್ತೇನೆ:

```
F' = K + (C - P) / d
```

ಪ್ರತಿ ಸ್ಟ್ರೈಕ್‌ನ ಕಾಲ್-ಪುಟ್ ಜೋಡಿಯೂ ಫ್ಯೂಚರ್ ಬೆಲೆ ಎಷ್ಟು ಅಂತ ತನ್ನದೊಂದು ಉತ್ತರ ಕೊಡುತ್ತದೆ. ಎಲ್ಲರ ಉತ್ತರವೂ ಒಂದೇ ಇರಬೇಕು. ಕೆಳಗಿನ ಪಟ್ಟಿಯಲ್ಲಿ ಮೊದಲ ಸಾಲು ಬಿಟ್ಟು ಉಳಿದವು ಬಿಡ್-ಆಸ್ಕ್ ನಡುವಿನ ಬೆಲೆಗಳು. ಮೊದಲ ಸಾಲಿಗೆ ಮಾತ್ರ ಬೇಕಂತಲೇ ಕೊನೆಯ ವಹಿವಾಟಿನ ಬೆಲೆ ಹಾಕಿದ್ದೇನೆ.

```
K        C        P        F'
24300    842.00    36.50   25108.4
24800    451.50   100.80   25152.0
24900    379.10   128.00   25152.0
25000    312.80   161.30   25152.0
25100    253.60   201.80   25152.0
```

24,300ರ ಸಾಲು ನೋಡಿ. 44 ಪಾಯಿಂಟ್ ವ್ಯತ್ಯಾಸ! ನೋಡಿದರೆ ಬಾಯಲ್ಲಿ ನೀರೂರುತ್ತದೆ, ಆದರೆ ಅದು ಒಂಟಿ. ಅಕ್ಕಪಕ್ಕದ ಯಾವ ಸ್ಟ್ರೈಕೂ ಅದರ ಮಾತಿಗೆ ಸಾಕ್ಷಿ ಹೇಳುತ್ತಿಲ್ಲ. ಚಾಲ್ತಿ ಮಟ್ಟದಿಂದ ಇಷ್ಟು ಕೆಳಗಿನ ಕಾಲ್‌ನಲ್ಲಿ ವಹಿವಾಟು ವಿರಳ, 842 ಯಾವಾಗಲೋ ಬೆಳಿಗ್ಗೆ ಆದ ವಹಿವಾಟು ಇರಬಹುದು. ಬಿಡ್-ಆಸ್ಕ್ ತೆಗೆದರೆ 870 ಮತ್ತು 898 ಅಂತ ಇದೆ ಅಂದುಕೊಳ್ಳಿ. ಸರಿಯಾದ ಬೆಲೆ 885.50ರ ಹತ್ತಿರ ಬರುತ್ತದೆ, ಅದು ಆ ಎರಡರ ನಡುವೆಯೇ ಕೂತಿದೆ. ಹಾಗಾಗಿ ಅಲ್ಲಿ ಹಿಡಿಯಲು ಏನೂ ಇಲ್ಲ.

ಉಳಿದ ನಾಲ್ಕೂ ಒಂದೇ ಮಾತು ಹೇಳುತ್ತಿವೆ: 25,152. ಅಸಲಿ ಫ್ಯೂಚರ್ 25,138–25,142. ಆಗ ಆಪ್ಷನ್ ಕಡೆಯ ಡೇಟಾ ಸರಿ ಇದೆ, ಅನುಮಾನ ಫ್ಯೂಚರ್ ಕಡೆಗೆ ತಿರುಗಬೇಕು. ಫ್ಯೂಚರ್ ಬೆಲೆ ಕೆಲವು ಸೆಕೆಂಡ್ ಹಳೆಯದಾ? ಆಪ್ಷನ್ ತಿಂಗಳೂ ಫ್ಯೂಚರ್ ತಿಂಗಳೂ ಒಂದೇನಾ? ಇವೆರಡನ್ನೂ ನೋಡಿ, ಸರಿ ಇದ್ದರೆ ಮಾತ್ರ ಆ 9.3 ಅಸಲಿ ಅಂತ ಒಪ್ಪುತ್ತೇನೆ. ನಿಫ್ಟಿ ಜೋರಾಗಿ ಓಡುತ್ತಿರುವ ನಿಮಿಷದಲ್ಲಿ ಆಪ್ಷನ್ ಬೆಲೆ ಒಂದು ಕ್ಷಣದ್ದು, ಫ್ಯೂಚರ್ ಬೆಲೆ ಇನ್ನೊಂದು ಕ್ಷಣದ್ದು ಬಂದರೆ 10 ಪಾಯಿಂಟ್ ವ್ಯತ್ಯಾಸ ಸುಮ್ನೆ ಹುಟ್ಟಿಕೊಳ್ಳುತ್ತದೆ. ಅದಕ್ಕೆ ಪ್ರೋಗ್ರಾಂನಲ್ಲಿ ಪ್ರತಿ ಬೆಲೆಯ ಜೊತೆ ಸಮಯವನ್ನೂ ಇಟ್ಟಿದ್ದೇನೆ. ಮೂರು ಬೆಲೆಗಳ ಸಮಯ ಒಂದು ಸೆಕೆಂಡಿಗಿಂತ ಜಾಸ್ತಿ ದೂರ ಇದ್ದರೆ ಆ ಸಾಲನ್ನೇ ಬಿಟ್ಟುಬಿಡುತ್ತದೆ.

ಲಾಭದ ಲೆಕ್ಕ, ರೂಪಾಯಿಯಲ್ಲಿ

ನಮ್ಮ ಮಾವ ಹತ್ತಿ ವ್ಯಾಪಾರದವರು. ಪರದೆ ನೋಡಿ, "ಒಂಬತ್ತು ಪಾಯಿಂಟ್ ಅಂದ್ರ ಕೈಗೆ ಎಷ್ಟಪ್ಪ ಬರೋದು? ಅದನ್ನ ಹೇಳು ಮೊದಲು" ಅಂದರು. ಸರಿಯಾದ ಪ್ರಶ್ನೆ.

ಲಾಟ್ 75 ಅಂತ ಇಟ್ಟುಕೊಂಡು ಮಾಡೋಣ. 25,000 ಕಾಲ್ 312.40ಕ್ಕೆ ಮಾರಿದೆವು, 25,000 ಪುಟ್ 161.60ಕ್ಕೆ ಕೊಂಡೆವು, ಫ್ಯೂಚರ್ 25,142ಕ್ಕೆ ಕೊಂಡೆವು. ಕೈಗೆ ಬಂದ ಪ್ರೀಮಿಯಂ 150.80.

ನಿಫ್ಟಿ 25,600ಕ್ಕೆ ಮುಗಿದರೆ ಫ್ಯೂಚರ್‌ನಲ್ಲಿ 458 ಲಾಭ, ಮಾರಿದ ಕಾಲ್‌ನಲ್ಲಿ 600 ಹೋಯಿತು, ಪುಟ್ ಸೊನ್ನೆ. ಪ್ರೀಮಿಯಂ ಸೇರಿಸಿದರೆ 8.80 ಉಳಿಯಿತು. 24,400ಕ್ಕೆ ಮುಗಿದರೆ ಫ್ಯೂಚರ್‌ನಲ್ಲಿ 742 ನಷ್ಟ, ಪುಟ್‌ನಲ್ಲಿ 600 ಬಂತು, ಕಾಲ್ ಸೊನ್ನೆ. ಪ್ರೀಮಿಯಂ ಸೇರಿಸಿದರೆ ಮತ್ತೆ 8.80. ಪ್ರೋಗ್ರಾಂ ಹೇಳಿದ 9.3ರಲ್ಲಿ 150.80ರ ಮೇಲಿನ 20 ದಿನದ ಬಡ್ಡಿಯೂ ಸೇರಿತ್ತು. ಆದರೆ ಆ ಪ್ರೀಮಿಯಂ ಬ್ರೋಕರ್ ಹತ್ತಿರ ಭದ್ರತೆಗೆ ಕಟ್ಟಿಡುವ ಮಾರ್ಜಿನ್ ಖಾತೆಯಲ್ಲೇ ಕೂತಿರುತ್ತದೆ, ನಮಗೆ ಬಡ್ಡಿ ತರುವುದಿಲ್ಲ. ಆದ್ದರಿಂದ ನಾನು 8.80 ಮಾತ್ರ ಲೆಕ್ಕಕ್ಕೆ ಹಿಡಿಯುತ್ತೇನೆ. 75ರಿಂದ ಗುಣಿಸಿದರೆ 660 ರೂಪಾಯಿ.

ಈಗ ಖರ್ಚು. 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದ್ದ ದರಗಳಲ್ಲಿ ಮಾಡಿದ ಲೆಕ್ಕ ಇದು. ಈ ದರಗಳೂ ಲಾಟ್ ಗಾತ್ರವೂ ಬದಲಾಗುವಂಥವು, ಹಾಗಾಗಿ ಹಾಳೆಯಲ್ಲಿ ಇವುಗಳಿಗೆ ಬೇರೆ ಸೆಲ್ ಇಟ್ಟಿದ್ದೇನೆ. ನೀವು ಮಾಡುವ ದಿನದ ದರ ಹಾಕಿಕೊಳ್ಳಿ. ಕಾಲ್ ಮಾರಿದ 23,430 ರೂಪಾಯಿಗೆ ವಹಿವಾಟು ತೆರಿಗೆ ಎಸ್‌ಟಿಟಿ 0.1%, ಅಂದರೆ 23 ರೂಪಾಯಿ. ಫ್ಯೂಚರ್ ಮೌಲ್ಯ 18,85,650 ರೂಪಾಯಿ. ಅದರ ಸ್ಟ್ಯಾಂಪ್ ಡ್ಯೂಟಿ 0.002%, ಅಂದರೆ 38 ರೂಪಾಯಿ. ಎಕ್ಸ್‌ಚೇಂಜ್ ಶುಲ್ಕ ಮೂರೂ ಸೇರಿ 45, ಅದರಲ್ಲಿ ದೊಡ್ಡ ಪಾಲು ಫ್ಯೂಚರ್‌ದು. ಬ್ರೋಕರೇಜ್ ಆರ್ಡರ್‌ಗೆ 20ರಂತೆ 60. ಜಿಎಸ್‌ಟಿ 19. ಸೆಬಿ ಶುಲ್ಕ, ಪುಟ್‌ನ ಸ್ಟ್ಯಾಂಪ್ ಅಂತ ಚಿಲ್ಲರೆ ಸೇರಿ ಒಟ್ಟು ಸುಮಾರು 188 ರೂಪಾಯಿ. ಒಂದು ಯೂನಿಟ್‌ಗೆ 2.5 ಪಾಯಿಂಟ್ ಆಯಿತು.

660ರಲ್ಲಿ 188 ಹೋದರೆ 472. ಇಲ್ಲಿ ಬಹಳ ಜನ ಗಮನಿಸದ ಒಂದು ಸಂಗತಿ ಇದೆ. ಎಕ್ಸ್‌ಪೈರಿ ದಿನ ಲಾಭದಲ್ಲಿರುವ ಆಪ್ಷನ್ ಕೊಂಡವನ ಕೈಯಲ್ಲಿದ್ದರೆ, ಅದರ ಆಂತರಿಕ ಮೌಲ್ಯದ ಮೇಲೆ ಇನ್ನೊಂದು ಎಸ್‌ಟಿಟಿ ಬೀಳುತ್ತದೆ, ಇದೇ ದರಪಟ್ಟಿಯಲ್ಲಿ 0.125%. ನಾವು ಕೊಂಡಿರುವುದು ಪುಟ್. ನಿಫ್ಟಿ 25,600ಕ್ಕೆ ಮುಗಿದರೆ ಇದು ಸೊನ್ನೆ. 24,400ಕ್ಕೆ ಮುಗಿದರೆ 600 ಪಾಯಿಂಟ್ ಗುಣಿಸು 75, ಅಂದರೆ 45,000 ರೂಪಾಯಿ ಮೇಲೆ 56 ರೂಪಾಯಿ. ಉಳಿಯುವುದು 416. ನಿಫ್ಟಿ ಸ್ಟ್ರೈಕ್‌ಗಿಂತ 2,000 ಪಾಯಿಂಟ್ ಕೆಳಗೆ ಹೋದರೆ ಇದೊಂದೇ ಖರ್ಚು 187 ರೂಪಾಯಿ ದಾಟುತ್ತದೆ. ಅಂದರೆ ನಿಫ್ಟಿ ಎಲ್ಲಿಗೆ ಹೋದರೂ ಲಾಭ ಒಂದೇ ಅನ್ನುವುದು ಸೂತ್ರದಲ್ಲಿ ಸತ್ಯ, ತೆರಿಗೆ ಬಂದ ಮೇಲೆ ಪೂರ್ತಿ ಸತ್ಯ ಅಲ್ಲ.

ರಿವರ್ಸಲ್ ಕಡೆ ಖರ್ಚು ಇನ್ನೂ ಜಾಸ್ತಿ. ಅಲ್ಲಿ ಫ್ಯೂಚರ್ ಮಾರಬೇಕು, ಮಾರುವವನ ಮೇಲೆ ಎಸ್‌ಟಿಟಿ ಬರುವುದು ಪೂರ್ತಿ ಕಾಂಟ್ರಾಕ್ಟ್ ಮೌಲ್ಯದ ಮೇಲೆ. ಇದೇ ದರಪಟ್ಟಿಯ 0.02% ಅಂದರೆ ಸಣ್ಣದು ಅನಿಸುತ್ತದೆ, ಆದರೆ 18.85 ಲಕ್ಷಕ್ಕೆ ಅದು 377 ರೂಪಾಯಿ! ಉಳಿದದ್ದೆಲ್ಲ ಸೇರಿ ಸುಮಾರು 516, ಅಂದರೆ 7 ಪಾಯಿಂಟ್. ಆದ್ದರಿಂದ ಎಚ್ಚರಿಕೆ ಗಂಟೆ ಬಾರಿಸುವ ಮಟ್ಟವನ್ನು ಎರಡು ದಿಕ್ಕಿಗೂ ಒಂದೇ ಇಡಬಾರದು. ಈ ದರಗಳಲ್ಲಿ ಕನ್ವರ್ಷನ್‌ಗೆ 2.5 ದಾಟಿದರೆ ನೋಡಬಹುದು, ರಿವರ್ಸಲ್‌ಗೆ 7 ದಾಟುವ ತನಕ ತಿರುಗಿಯೂ ನೋಡಬೇಕಿಲ್ಲ.

ಮಾವನಿಗೆ ಇದು ತಕ್ಷಣ ಅರ್ಥವಾಯಿತು. ರಾಯಚೂರು ಯಾರ್ಡಿಗೂ ಬಳ್ಳಾರಿ ಯಾರ್ಡಿಗೂ ಹತ್ತಿ ದರದಲ್ಲಿ ವ್ಯತ್ಯಾಸ ಇದ್ದರೂ ಲಾರಿ ಬಾಡಿಗೆಗಿಂತ ಕಮ್ಮಿ ಇದ್ದರೆ ಯಾರೂ ಮಾಲು ಎತ್ತುವುದಿಲ್ಲ. ಇಲ್ಲಿ ಹೋಗುವ ಬಾಡಿಗೆ ಒಂದು, ಬರುವ ಬಾಡಿಗೆ ಇನ್ನೊಂದು. ಆ ಎರಡು ಮಟ್ಟಗಳ ನಡುವೆ ಬೆಲೆ ಎಷ್ಟು ಆಡಿದರೂ ಅದನ್ನು ತಪ್ಪು ಬೆಲೆ ಅನ್ನಲು ಬರುವುದಿಲ್ಲ.

ಬಂಡವಾಳ ಮತ್ತು ನಡುವಿನ 20 ದಿನ

"ಹಂಗಾದ್ರ ನಾನೂರು ಚಿಲ್ಲರೆಗೆ ಎಷ್ಟು ದುಡ್ಡು ಕಟ್ಟಿ ಹಾಕಬೇಕು?" ಇದು ಮಾವನ ಎರಡನೇ ಪ್ರಶ್ನೆ.

ಕಾಲ್, ಪುಟ್, ಫ್ಯೂಚರ್ ಒಂದೊಂದನ್ನೂ ಒಂದು ಕಾಲು ಅನ್ನುತ್ತಾರೆ. ಮೂರೂ ಕಾಲು ಒಂದಕ್ಕೊಂದು ರಕ್ಷಣೆ ಇರುವುದರಿಂದ ಮಾರ್ಜಿನ್ ಬರೀ ಫ್ಯೂಚರ್‌ಗಿಂತ ಕಮ್ಮಿ ಬೀಳುತ್ತದೆ, ಸೊನ್ನೆಯಂತೂ ಆಗುವುದಿಲ್ಲ. ಬ್ರೋಕರ್‌ನ ಮಾರ್ಜಿನ್ ಕ್ಯಾಲ್ಕುಲೇಟರ್‌ನಲ್ಲಿ ಮೂರನ್ನೂ ಒಟ್ಟಿಗೆ ಹಾಕಿ ಆ ದಿನದ ಮೊತ್ತ ನೋಡಬೇಕು. ಲೆಕ್ಕಕ್ಕೆ 1 ಲಕ್ಷ ಕಟ್ಟಿಬಿತ್ತು ಅಂತ ಇಟ್ಟುಕೊಂಡರೆ, 6.5%ರಂತೆ 20 ದಿನದ ಬಡ್ಡಿ 356 ರೂಪಾಯಿ. 472ರಲ್ಲಿ 356 ಕಳೆದರೆ 116. ಪುಟ್ ಲಾಭದಲ್ಲಿ ಮುಗಿದ ಉದಾಹರಣೆಯಲ್ಲಿ 60. ಸುಮ್ನೆ ಎಫ್‌ಡಿಯಲ್ಲಿ ಇಟ್ಟಿದ್ದರೆ ಬರುತ್ತಿದ್ದುದಕ್ಕಿಂತ ಜಾಸ್ತಿ ಬಂದದ್ದು ಅಷ್ಟೇ. ಲಿಕ್ವಿಡ್ ಫಂಡ್ ಒತ್ತೆ ಇಟ್ಟು ಮಾರ್ಜಿನ್ ತೆಗೆದರೆ ಆ ಬಡ್ಡಿಯ ಬಹುಪಾಲು ಉಳಿಯುತ್ತದೆ. ಹಾಗಾಗಿ ಈ ಕೆಲಸ ಕೈಗೂಡುತ್ತಾ ಇಲ್ಲವಾ ಅನ್ನುವುದು 9.3 ಪಾಯಿಂಟ್‌ಗಿಂತ ಮಾರ್ಜಿನ್ ಹೇಗೆ ತುಂಬುತ್ತೀರಿ ಅನ್ನುವುದರ ಮೇಲೇ ನಿಂತಿದೆ.

ನಡುವಿನ ದಿನಗಳಲ್ಲಿ ಒಂದು ನಿಜವಾದ ಅಪಾಯವೂ ಇದೆ. ಫ್ಯೂಚರ್‌ನ ಲಾಭ-ನಷ್ಟ ದಿನಾ ಸಂಜೆ ನಗದಿನಲ್ಲಿ ಚುಕ್ತಾ ಆಗುತ್ತದೆ, ಪುಟ್‌ನ ಲಾಭ ಹಾಗಲ್ಲ. ನಿಫ್ಟಿ 24,400ಕ್ಕೆ ಬಿದ್ದರೆ ಫ್ಯೂಚರ್ ಕಡೆ 742 ಗುಣಿಸು 75, ಅಂದರೆ 55,650 ರೂಪಾಯಿ ನಗದು ಕಟ್ಟಬೇಕು. ಪುಟ್‌ನಲ್ಲಿ ದುಡ್ಡು ಬೆಳೆದಿರುತ್ತದೆ, ಆದರೆ ಎಕ್ಸ್‌ಪೈರಿ ತನಕ ಅಥವಾ ಮಾರುವ ತನಕ ಅದು ಕೈಗೆ ಬರುವುದಿಲ್ಲ. ಖಾತೆಯಲ್ಲಿ ನಗದು ಇಲ್ಲದಿದ್ದರೆ ಬ್ರೋಕರ್ ಒಂದು ಕಾಲನ್ನು ಮುರಿಯಬಹುದು. ಆಗ ಉಳಿಯುವುದು ರಕ್ಷಣೆಯಿಲ್ಲದ ಎರಡು ಕಾಲು. ಆದ್ದರಿಂದ ಒಂದು ಲಾಟ್‌ಗೆ ಮಾರ್ಜಿನ್ ಬಿಟ್ಟು ಇನ್ನೂ 60,000 ನಗದು ಪಕ್ಕಕ್ಕೆ ಇಲ್ಲದೆ ಇದಕ್ಕೆ ಕೈ ಹಾಕಬೇಡಿ.

ಆರ್ಡರ್ ಹಾಕುವ ಕ್ರಮ: ಮೊದಲು ಪುಟ್ ಕೊಳ್ಳುವುದು, ಆಮೇಲೆ ಫ್ಯೂಚರ್, ಕೊನೆಗೆ ಕಾಲ್ ಮಾರುವುದು. ಹೀಗೆ ಮಾಡಿದರೆ ಯಾವ ಹಂತದಲ್ಲೂ ಮಿತಿಯಿಲ್ಲದ ನಷ್ಟದ ಬಾಗಿಲು ತೆರೆದಿರುವುದಿಲ್ಲ. ಎಲ್ಲಾ ಲಿಮಿಟ್ ಆರ್ಡರ್. ಮಾರ್ಕೆಟ್ ಆರ್ಡರ್ ಹಾಕಿದರೆ ಮೂರು ಕಾಲಿನಲ್ಲಿ ತಲಾ 2 ಪಾಯಿಂಟ್ ಜಾರಿದರೂ 450 ರೂಪಾಯಿ ಹೋಯಿತು, ಲಾಭ ಮುಗಿಯಿತು. ಫ್ಯೂಚರ್ ಕೊಂಡ ಮೇಲೆ ಕಾಲ್‌ನ ಬಿಡ್ ಕೆಳಗೆ ಸರಿದರೆ ಏನು ಮಾಡಬೇಕು ಅನ್ನುವುದನ್ನು ಮೊದಲೇ ನಿರ್ಧರಿಸಿ ಬರೆದಿಟ್ಟುಕೊಳ್ಳಬೇಕು. ನನ್ನ ನಿಯಮ: ಕಾಲ್ 6 ಪಾಯಿಂಟ್ ತನಕ ಜಾರಿದರೂ ಮಾರುತ್ತೇನೆ, ಅದಕ್ಕೂ ಕೆಳಗೆ ಹೋದರೆ ಪುಟ್, ಫ್ಯೂಚರ್ ಎರಡನ್ನೂ ಬಿಚ್ಚುತ್ತೇನೆ.

ಶೇರುಗಳ ಮೇಲೆ, ವಾರದ ಆಪ್ಷನ್ ಮೇಲೆ

ಇಲ್ಲಿ ಎಲ್ಲರೂ ಕೇಳುವುದು ಎನ್‌ಎಂಡಿಸಿ ಮತ್ತು ಜೆಎಸ್‌ಡಬ್ಲ್ಯೂ ಸ್ಟೀಲ್ ಬಗ್ಗೆ. ದೋಣಿಮಲೈ ಗಣಿಯೂ ತೋರಣಗಲ್ಲಿನ ಕಾರ್ಖಾನೆಯೂ ಕಣ್ಣೆದುರೇ ಇವೆ, ಆಸೆ ಸಹಜ. ಅದೇ ಪ್ರೋಗ್ರಾಂ ಅವುಗಳ ಮೇಲೂ ಓಡುತ್ತದೆ, ಫ್ಯೂಚರ್ ಬಳಸಿದರೆ ಡಿವಿಡೆಂಡ್ ತಲೆನೋವೂ ಇಲ್ಲ. ಆದರೆ ಚಾಲ್ತಿ ಬೆಲೆಯಿಂದ ನಾಲ್ಕೈದು ಸ್ಟ್ರೈಕ್ ದೂರ ಹೋದರೆ ಬಿಡ್-ಆಸ್ಕ್ ಅಂತರವೇ ಎಲ್ಲವನ್ನೂ ನುಂಗುತ್ತದೆ. ಜೊತೆಗೆ ಶೇರು ಆಪ್ಷನ್‌ಗಳು ನಗದಿನಲ್ಲಿ ಮುಗಿಯುವುದಿಲ್ಲ, ಶೇರು ಕೊಟ್ಟು ತೆಗೆದುಕೊಂಡು ಮುಗಿಯುತ್ತವೆ, ಎಕ್ಸ್‌ಪೈರಿ ಹತ್ತಿರ ಬಂದ ಹಾಗೆ ಮಾರ್ಜಿನ್ ಏರುತ್ತದೆ. ಒಂದು ಕಾಲು ತಪ್ಪಿದರೆ ಪೂರ್ತಿ ಲಾಟ್ ಶೇರಿಗೆ ದುಡ್ಡು ಹೊಂದಿಸಬೇಕಾಗುತ್ತದೆ.

ನಿಫ್ಟಿ ವಾರದ ಆಪ್ಷನ್‌ಗೆ ಅದೇ ದಿನ ಮುಗಿಯುವ ಫ್ಯೂಚರ್ ಇಲ್ಲ. ತಿಂಗಳ ಫ್ಯೂಚರ್ ಹಾಕಿ ಹೋಲಿಸಿದರೆ ಬರುವ ವ್ಯತ್ಯಾಸ ಮಿಕ್ಕ ದಿನಗಳ ಬಡ್ಡಿ ಮತ್ತು ಡಿವಿಡೆಂಡ್‌ನದು, ಲಾಭದ್ದಲ್ಲ. ಅಲ್ಲಿ ಮಾಡಬಹುದಾದ್ದು ಎರಡು ಸ್ಟ್ರೈಕ್‌ಗಳ F' ಅನ್ನು ಒಂದರ ಜೊತೆ ಒಂದು ಹೋಲಿಸುವುದು. ಬಾಕ್ಸ್ ಅನ್ನುವುದು ಅದನ್ನೇ. 25,000 ಮತ್ತು 25,100ರ ಜೋಡಿಗಳ C - P ವ್ಯತ್ಯಾಸ 100 ಗುಣಿಸು d ಆಗಿರಬೇಕು. ಫ್ಯೂಚರ್ ಬೇಕಿಲ್ಲ, ದಿನದ ನಗದು ಚುಕ್ತಾ ಇಲ್ಲ, ಆದರೆ ಕಾಲು ನಾಲ್ಕು, ಬಿಡ್-ಆಸ್ಕ್ ಅಂತರ ನಾಲ್ಕು ಸಲ ಕೊಡಬೇಕು. ಸದ್ಯ ಪ್ರೋಗ್ರಾಂಗೆ ಆ ಭಾಗ ಸೇರಿಸುತ್ತಿದ್ದೇನೆ.